ನಾನೇ ಕಳುಹಿಸಿದ ಫೋಟೊ, ನನ್ನ ಒಪ್ಪಿಗೆಯಿಲ್ಲದೆ ಹರಡಿದರೆ

ಪ್ರಶ್ನೆ: ಮೇಡಂ, ನನ್ನ ಮನೆ ಉಡುಪಿ ಹತ್ತಿರ. ಮಂಗಳೂರಿನಲ್ಲಿ ಪಿ.ಜಿ.ಯಲ್ಲಿದ್ದು ಕೆಲಸ ಮಾಡುತ್ತಿದ್ದೇನೆ. ದುಬೈಯಲ್ಲಿರುವ ಹುಡುಗನೊಂದಿಗೆ ನಿಶ್ಚಿತಾರ್ಥವಾಗಿ, ನಂತರ ಸಂಬಂಧ ಮುರಿಯಿತು. ನಾನು ಅವನಿಗೆ ಕಳುಹಿಸಿದ್ದ ಒಳಉಡುಪಿನ ಒಂದು ಸೆಲ್ಫಿಯನ್ನು, ಮಲ್ಪೆ ಬೀಚಿನಲ್ಲಿ ಇಬ್ಬರೂ ಅಪ್ಪಿಕೊಂಡು ನಿಂತ ಇನ್ನೊಂದು ಫೋಟೊವನ್ನು ನನ್ನ ಹೆಸರಿನ ನಕಲಿ ಇನ್‌ಸ್ಟಾಗ್ರಾಮ್ ಖಾತೆಯಲ್ಲಿ ಹಾಕಿದ್ದಾನೆ. ಊರಿನ ವಾಟ್ಸ್‌ಆ್ಯಪ್ ಗ್ರೂಪಿಗೂ ಅವು ಬಂದಿವೆ. ನಿಶ್ಚಿತಾರ್ಥದ ಖರ್ಚು ಮೂರು ಲಕ್ಷ ವಾಪಸ್ ಕೊಡದಿದ್ದರೆ ಉಳಿದದ್ದನ್ನೂ ಹಾಕುತ್ತೇನೆ ಎಂದು ಮೆಸೇಜ್ ಮಾಡಿದ್ದಾನೆ. ನಾನೇ ಕಳುಹಿಸಿದ್ದರಿಂದ ಕೇಸು ನಿಲ್ಲುತ್ತದೆಯೇ? ಮೊದಲು ಏನು ಮಾಡಬೇಕು? ಮನೆಯವರಿಗೆ ತಿಳಿಯದಂತೆ ದೂರು ಕೊಡಬಹುದೇ?

ಉತ್ತರ: ಕೇಸು ನಿಲ್ಲುತ್ತದೆ. ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮಿನ ವಿವರಣೆಯಲ್ಲಿ ಇದಕ್ಕೆ ನೇರ ಉತ್ತರವಿದೆ. ಮಹಿಳೆಯೊಬ್ಬಳು ಚಿತ್ರ ತೆಗೆಯಲು ಒಪ್ಪಿದ್ದು, ಅದನ್ನು ಮೂರನೆಯವರಿಗೆ ಹಂಚಲು ಒಪ್ಪದೇ ಇದ್ದಾಗ, ಆ ಹಂಚಿಕೆಯೇ ಅಪರಾಧವಾಗುತ್ತದೆ. 2013ರಲ್ಲಿ ಹಳೆಯ ದಂಡ ಸಂಹಿತೆಗೆ 354ಸಿ ಎಂಬ ಕಲಮು ಸೇರಿದಾಗಲೇ ಈ ಮಾತು ಕಾನೂನಿಗೆ ಬಂತು. 2024ರ ಜುಲೈ 1ರಿಂದ ಅದು 77ನೇ ಕಲಮಾಗಿ ಮುಂದುವರಿದಿದೆ. ಮೊದಲ ಬಾರಿ ಅಪರಾಧ ಸಾಬೀತಾದರೆ ಕನಿಷ್ಠ 1 ವರ್ಷದಿಂದ 3 ವರ್ಷದವರೆಗೆ ಜೈಲು ಮತ್ತು ದಂಡವಿದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಮು ಕೂಡ ಖಾಸಗಿ ಅಂಗಗಳ ಚಿತ್ರವನ್ನು ಒಪ್ಪಿಗೆಯಿಲ್ಲದೆ ಪ್ರಕಟಿಸುವುದನ್ನು ಮತ್ತು ರವಾನಿಸುವುದನ್ನು ಪ್ರತ್ಯೇಕವಾಗಿ ಹೆಸರಿಸುತ್ತದೆ. ಆದ್ದರಿಂದ ಫೋಟೊ ತೆಗೆದವರು ಯಾರು ಎಂಬುದಕ್ಕಿಂತ, ಅದನ್ನು ಹೊರಗೆ ಬಿಟ್ಟವರು ಯಾರು ಎಂಬುದೇ ಇಲ್ಲಿ ಮುಖ್ಯವಾಗುತ್ತದೆ.

ಹೀಗಿರುವುದರಿಂದ ದೂರಿನಲ್ಲಿ ನೀವು ಏನನ್ನೂ ಮುಚ್ಚಿಡಬೇಕಾಗಿಲ್ಲ. ನಾಚಿಕೆಯಿಂದಲೋ ಮನೆಯವರ ಭಯದಿಂದಲೋ "ನನ್ನ ಮೊಬೈಲ್ ಹ್ಯಾಕ್ ಆಗಿದೆ" ಎಂದು ಬರೆದುಕೊಡುವವರು ಹಲವರಿದ್ದಾರೆ. ತನಿಖೆಯಲ್ಲಿ ಇಬ್ಬರ ಚಾಟ್ ಹೊರಬಂದು, ಫೋಟೊ ಕಳುಹಿಸಿದ್ದು ದೂರುದಾರಳೇ ಎಂದು ತಿಳಿದಾಗ, ಆರೋಪಿಯ ವಕೀಲರು ಆ ಒಂದು ಸುಳ್ಳನ್ನು ಹಿಡಿದುಕೊಂಡು ಉಳಿದ ಸತ್ಯವನ್ನೆಲ್ಲ ಅಲುಗಿಸುತ್ತಾರೆ. "ಮದುವೆಯಾಗುವ ನಂಬಿಕೆಯಲ್ಲಿ, ಅವರೊಬ್ಬರೇ ನೋಡಲೆಂದು ನಾನೇ ಕಳುಹಿಸಿದ್ದೆ, ಬೇರೆ ಯಾರಿಗೂ ತೋರಿಸಲು ಎಂದೂ ಒಪ್ಪಿಗೆ ಕೊಟ್ಟಿರಲಿಲ್ಲ" ಎಂಬ ವಾಕ್ಯವನ್ನು ಹಾಗೆಯೇ ಬರೆಯಿರಿ. 77ನೇ ಕಲಮಿಗೆ ಬೇಕಾದ ಮುಖ್ಯ ಅಂಶ ಅದರಲ್ಲೇ ಇದೆ. ಸಂಬಂಧ ಮುರಿದ ಮೇಲೆ ಆ ಫೋಟೊಗಳನ್ನು ಅಳಿಸಿಹಾಕುವಂತೆ ನೀವು ಅವನಿಗೆ ಬರೆದ ಮೆಸೇಜ್ ಇದ್ದರೆ ಅದು ಇನ್ನೂ ಬಲವಾದ ಸಾಕ್ಷ್ಯ.

ನಿಮ್ಮ ಎರಡು ಫೋಟೊಗಳನ್ನು ಕಾನೂನು ಒಂದೇ ರೀತಿ ನೋಡುವುದಿಲ್ಲ ಎಂಬುದನ್ನು ಮೊದಲೇ ತಿಳಿದುಕೊಂಡಿರುವುದು ಒಳ್ಳೆಯದು. ಒಳಉಡುಪಿನ ಸೆಲ್ಫಿ 77ಕ್ಕೂ 66ಇಗೂ ಹೊಂದುತ್ತದೆ, ಏಕೆಂದರೆ ಪೂರ್ಣ ನಗ್ನತೆ ಮಾತ್ರವಲ್ಲದೆ ಒಳಉಡುಪು ಮಾತ್ರ ಮುಚ್ಚಿರುವ ಅಂಗಗಳ ಚಿತ್ರವನ್ನೂ ಎರಡು ಕಲಮುಗಳು ಒಳಗೊಳ್ಳುತ್ತವೆ. ಮಲ್ಪೆಯ ಫೋಟೊದಲ್ಲಿ ಇಬ್ಬರೂ ಪೂರ್ತಿ ಬಟ್ಟೆಯಲ್ಲಿದ್ದೀರಿ, ಸ್ಥಳವೂ ಸಾರ್ವಜನಿಕವಾದದ್ದು. ಆ ಚಿತ್ರವೊಂದನ್ನೇ ಹಿಡಿದುಕೊಂಡು 77 ಅಥವಾ 66ಇ ಹಾಕಲು ಬರುವುದಿಲ್ಲ. ಆದರೆ ಅದನ್ನು ನಿಮ್ಮ ಹೆಸರಿನ ನಕಲಿ ಖಾತೆಯಲ್ಲಿ ಹಾಕಿರುವುದರಿಂದ ಸೋಗು ಹಾಕಿದ ಮತ್ತು ಗುರುತು ಕದ್ದ ಆರೋಪಗಳನ್ನು ಎತ್ತಬಹುದು. ಅದರ ಜೊತೆ ಬರೆದ ಮಾತುಗಳು ನಿಮ್ಮ ಮಾನಕ್ಕೆ ಕುಂದು ತರುವಂತಿದ್ದರೆ ನ್ಯಾಯ ಸಂಹಿತೆಯ 79ನೇ ಕಲಮು ಮತ್ತು ಮಾನಹಾನಿಯ 356ನೇ ಕಲಮು ಪರಿಗಣನೆಗೆ ಬರುತ್ತವೆ. ಹೀಗಾಗಿ ಫೋಟೊದ ಕೆಳಗೆ ಅವನು ಏನು ಬರೆದಿದ್ದಾನೆ ಎಂಬುದನ್ನೂ ದಾಖಲಿಸಿಕೊಳ್ಳಿ. ಮಾಹಿತಿ ತಂತ್ರಜ್ಞಾನ ಕಾಯ್ದೆಯಲ್ಲಿ ಅಶ್ಲೀಲ ವಿಷಯ ಪ್ರಕಟಣೆಗಿರುವ 67ನೇ ಕಲಮನ್ನು ಪೊಲೀಸರು ಸಾಮಾನ್ಯವಾಗಿ ಸೇರಿಸುತ್ತಾರೆ. ಅದೇ ಕಾಯ್ದೆಯ ಜಾಮೀನುರಹಿತವಾದ 67ಎ ಲೈಂಗಿಕ ಕ್ರಿಯೆ ಅಥವಾ ಅಂಥ ನಡವಳಿಕೆ ಇರುವ ಚಿತ್ರಗಳಿಗೆ ಮೀಸಲು. ನಿಮ್ಮ ಫೋಟೊಗಳಿಗೆ ಅದು ಅನ್ವಯಿಸದೆ ಹೋಗಬಹುದು. ಆರೋಪಿಗೆ ಬೇಗ ಜಾಮೀನು ಸಿಕ್ಕಿತೆಂದು ಕೇಸು ಬಿದ್ದುಹೋಯಿತು ಎಂದು ತಿಳಿಯಬೇಡಿ. 66ಇ ಮತ್ತು ಮೊದಲ ಬಾರಿಯ 77, ಇವೆರಡೂ ಜಾಮೀನು ಸಿಗುವ ಅಪರಾಧಗಳೇ.

ಈಗ ಕ್ರಮಕ್ಕೆ ಬರೋಣ. ಫೋಟೊ ಕಂಡ ಕೂಡಲೇ ಅದನ್ನು ತೆಗೆಸಬೇಕು ಎಂದು ಮನಸ್ಸು ಹಾತೊರೆಯುತ್ತದೆ, ಅದು ಸಹಜ. ಆದರೆ ಸಾಕ್ಷ್ಯ ಹಿಡಿದಿಡದೆ ಖಾತೆಯನ್ನು ತೆಗೆಸಿದರೆ, ಖಾತೆಯ ವಿಳಾಸವೂ ಗೊತ್ತಿಲ್ಲದ ಸ್ಥಿತಿಯಲ್ಲಿ ಪೊಲೀಸರು ಕಂಪನಿಗೆ ಏನನ್ನು ಕೇಳಬೇಕು? ಸಾಕ್ಷ್ಯಕ್ಕೆ ಅರ್ಧ ಗಂಟೆ ಸಾಕು, ಅದನ್ನು ಮುಗಿಸಿಯೇ ತೆಗೆಸುವ ಕೆಲಸಕ್ಕೆ ಕೈಹಾಕಿ. ನಂಬಿಕೆಯ ಗೆಳತಿಯೊಬ್ಬರನ್ನು ಜೊತೆಗೆ ಕೂರಿಸಿಕೊಂಡರೆ ಕೈ ನಡುಗದೆ ಕೆಲಸವಾಗುತ್ತದೆ.

ಇನ್‌ಸ್ಟಾಗ್ರಾಮಿನಲ್ಲಿ ಖಾತೆಯ ಪುಟ ಮತ್ತು ಪ್ರತಿಯೊಂದು ಪೋಸ್ಟಿನ ಸ್ಕ್ರೀನ್‌ಶಾಟ್ ತೆಗೆಯಿರಿ. ಅದಕ್ಕಿಂತ ಮುಖ್ಯವಾಗಿ ಖಾತೆಯ ಮತ್ತು ಪೋಸ್ಟಿನ ಲಿಂಕನ್ನು ನಕಲು ಮಾಡಿ ಬರೆದಿಟ್ಟುಕೊಳ್ಳಿ. ಖಾತೆಯ ಮೇಲೆ ಕಾಣುವ ಹೆಸರನ್ನು ಅವನು ಕ್ಷಣದಲ್ಲಿ ಬದಲಿಸಬಲ್ಲ. ಪೊಲೀಸರ ಪತ್ರಕ್ಕೆ ಕಂಪನಿ ಉತ್ತರಿಸುವುದು ಲಿಂಕ್ ಮತ್ತು ಬಳಕೆದಾರ ಹೆಸರಿನ ಆಧಾರದಲ್ಲಿ. ವಾಟ್ಸ್‌ಆ್ಯಪ್ ಗ್ರೂಪಿನದ್ದನ್ನು ಸ್ಕ್ರೀನ್ ರೆಕಾರ್ಡ್ ಮಾಡಿ: ಗ್ರೂಪಿನ ಹೆಸರು, ಸದಸ್ಯರ ಪಟ್ಟಿ, ಫೋಟೊ ಹಾಕಿದವರ ಹೆಸರನ್ನು ಒತ್ತಿದಾಗ ಕಾಣುವ ಫೋನ್ ನಂಬರು, ಮೆಸೇಜಿನ ದಿನಾಂಕ ಮತ್ತು ಸಮಯ, ಇವೆಲ್ಲ ಒಂದೇ ಓಟದಲ್ಲಿ ಬರಲಿ. ಬಿಡಿ ಸ್ಕ್ರೀನ್‌ಶಾಟುಗಳನ್ನು ತಿದ್ದಲಾಗಿದೆ ಎಂದು ವಾದಿಸುವುದು ಸುಲಭ, ನಿರಂತರ ರೆಕಾರ್ಡಿಂಗ್ ಮೇಲೆ ಆ ವಾದ ಅಷ್ಟು ಸುಲಭವಲ್ಲ. ನೀವು ಆ ಗ್ರೂಪಿನಲ್ಲಿ ಇಲ್ಲದಿದ್ದರೆ, ನಿಮಗೆ ಸುದ್ದಿ ಮುಟ್ಟಿಸಿದವರ ಫೋನಿನಲ್ಲಿ ಅದು ಅಳಿಯದಂತೆ ಉಳಿಯಬೇಕು. ಅವರು ಮುಂದೆ ಸಾಕ್ಷಿಯೂ ಆಗಬೇಕಾದೀತು. ಫೋಟೊವನ್ನು ಸಾಕ್ಷ್ಯಕ್ಕೆಂದು ನಿಮಗೋ ಬೇರೆಯವರಿಗೋ ಫಾರ್ವರ್ಡ್ ಮಾಡಲು ಅವರಿಗೆ ಹೇಳಬೇಡಿ, ಅದು ಇನ್ನೊಂದು ರವಾನೆಯಾಗುತ್ತದೆ.

ಮೂರು ಲಕ್ಷದ ಬೆದರಿಕೆಯ ಚಾಟನ್ನು ಅಳಿಸಬೇಡಿ, ಅವನನ್ನು ಬ್ಲಾಕ್ ಮಾಡುವ ಮೊದಲು ಅದನ್ನೂ ರೆಕಾರ್ಡ್ ಮಾಡಿಕೊಳ್ಳಿ. ವಾಟ್ಸ್‌ಆ್ಯಪನ್ನು ತೆಗೆದು ಮತ್ತೆ ಹಾಕುವುದು, ಫೋನ್ ಬದಲಿಸುವುದು, ಫಾರ್ಮ್ಯಾಟ್ ಮಾಡಿಸುವುದು ಸದ್ಯಕ್ಕೆ ಬೇಡ. ಇವೆಲ್ಲವನ್ನೂ ಒಂದು ಪೆನ್‌ಡ್ರೈವಿಗೆ ಹಾಕಿ ಠಾಣೆಗೆ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕಾಗುತ್ತದೆ. ಹಿಂದಿನ 65ಬಿ ಪ್ರಮಾಣಪತ್ರದ ಜಾಗಕ್ಕೆ ಬಂದಿರುವ ಇದರಲ್ಲಿ ಎರಡು ಭಾಗಗಳಿದ್ದು, ಒಂದನ್ನು ಸಾಧನ ಬಳಸಿದ ನೀವು, ಇನ್ನೊಂದನ್ನು ತಜ್ಞರು ತುಂಬಬೇಕು. ದೂರಿನ ದಿನವೇ ಎರಡೂ ಸಿದ್ಧವಿರಬೇಕೆಂದಿಲ್ಲ. ಪ್ರಮಾಣಪತ್ರ ಇಲ್ಲವೆಂದು ದೂರು ಸ್ವೀಕರಿಸದಿರುವುದು ಸರಿಯಲ್ಲ. ಆದರೆ ದಾಖಲೆ ನ್ಯಾಯಾಲಯದ ಮುಂದೆ ಹೋಗುವ ಹೊತ್ತಿಗೆ ಅದು ಜೊತೆಗಿರಲೇಬೇಕು.

ಇಷ್ಟಾದ ಮೇಲೆ ತೆಗೆಸುವ ಕೆಲಸ. ಆ್ಯಪಿನೊಳಗೆ ರಿಪೋರ್ಟ್ ಒತ್ತಿ ಹೆಚ್ಚಿನವರು ಸುಮ್ಮನಾಗುತ್ತಾರೆ. ಅದನ್ನು ಮಾಡಿ, ಆದರೆ ಅಲ್ಲಿಗೇ ನಿಲ್ಲಬೇಡಿ. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ಪ್ರತಿ ಕಂಪನಿಯೂ ಒಬ್ಬ ಕುಂದುಕೊರತೆ ಅಧಿಕಾರಿಯನ್ನು ನೇಮಿಸಿ, ಸಂಪರ್ಕ ವಿವರವನ್ನು ತನ್ನ ಜಾಲತಾಣದಲ್ಲಿ ಪ್ರಕಟಿಸಬೇಕು. 3(2)(ಬಿ) ನಿಯಮದ ಅಡಿಯಲ್ಲಿ ಅವರಿಗೇ ಲಿಖಿತ ದೂರು ಕಳುಹಿಸಿ. ಖಾಸಗಿ ಅಂಗ, ಪೂರ್ಣ ಅಥವಾ ಭಾಗಶಃ ನಗ್ನತೆ ತೋರುವ ಚಿತ್ರಗಳಿಗೂ, ಇನ್ನೊಬ್ಬರ ಸೋಗು ಹಾಕಿದ ಖಾತೆಗೂ, ಮುಖ ಅಂಟಿಸಿ ತಿದ್ದಿದ ಚಿತ್ರಗಳಿಗೂ ಈ ನಿಯಮ ಅನ್ವಯಿಸುತ್ತದೆ. ಮಲ್ಪೆಯ ಫೋಟೊಗೆ ದಂಡ ಕಾನೂನಿನಲ್ಲಿ ಕಂಡ ತೊಡಕು ಇಲ್ಲಿಲ್ಲ, ಏಕೆಂದರೆ ಖಾತೆಯೇ ಸೋಗಿನದು, ಖಾತೆ ಹೋದರೆ ಎರಡು ಫೋಟೊಗಳೂ ಹೋಗುತ್ತವೆ. ತೆಗೆಯಲು 2021ರ ನಿಯಮ 24 ಗಂಟೆಗಳ ಗಡುವು ಕೊಟ್ಟಿತ್ತು. 2026ರ ಫೆಬ್ರವರಿಯಲ್ಲಿ ಜಾರಿಯಾದ ತಿದ್ದುಪಡಿ ಅದನ್ನು 2 ಗಂಟೆಗೆ ಇಳಿಸಿದೆ. ದೂರನ್ನು ನಿಮ್ಮ ಪರವಾಗಿ ಬೇರೆಯವರೂ ಕೊಡಬಹುದು. ದೂರಿನಲ್ಲಿ ಲಿಂಕುಗಳು, ಚಿತ್ರದಲ್ಲಿರುವುದು ನೀವೇ ಎಂಬ ಹೇಳಿಕೆ, ಒಪ್ಪಿಗೆ ಇಲ್ಲವೆಂಬ ಮಾತು, ನಿಯಮದ ಸಂಖ್ಯೆ ಇಷ್ಟಿದ್ದರೆ ಸಾಕು, ಫೋಟೊವನ್ನು ಲಗತ್ತಿಸಬೇಡಿ. ಕಂಪನಿ ಒಪ್ಪದಿದ್ದರೆ 30 ದಿನಗಳೊಳಗೆ ಕೇಂದ್ರ ಸರ್ಕಾರದ ಮೇಲ್ಮನವಿ ಸಮಿತಿಗೆ gac.gov.in ಮೂಲಕ ಹೋಗಬಹುದು.

ತೆಗೆದ ಮಾಹಿತಿಯನ್ನು ತನಿಖೆಗಾಗಿ 180 ದಿನ ಕಾಪಿಡಬೇಕೆಂದು ಅದೇ ನಿಯಮಗಳು ಕಂಪನಿಗೆ ಹೇಳುತ್ತವೆ. ತೆಗೆಸಿದರೆ ಸಾಕ್ಷ್ಯವೆಲ್ಲ ನಾಶವಾಗುತ್ತದೆ ಎಂಬ ಭಯ ಆದ್ದರಿಂದ ಬೇಡ, ಆದರೆ ಪೊಲೀಸರ ಪತ್ರ ಆ ಅವಧಿಯೊಳಗೆ ಹೋಗಬೇಕು ಎಂಬ ಎಚ್ಚರ ಬೇಕು. ದೂರು ಕೊಟ್ಟು ಆರು ತಿಂಗಳು ಸುಮ್ಮನಿದ್ದು ಆಮೇಲೆ ವಿಚಾರಿಸಿದರೆ, ಖಾತೆ ತೆರೆದ ಫೋನ್ ನಂಬರಾಗಲಿ ಲಾಗಿನ್ ದಾಖಲೆಯಾಗಲಿ ಸಿಗದೆ ಹೋಗಬಹುದು.

ಅವನ ಬಳಿ ಇನ್ನೂ ಫೋಟೊಗಳಿವೆ ಎಂದಾದರೆ StopNCII.org ಎಂಬ ಜಾಲತಾಣವನ್ನು ಈ ದಿನವೇ ಬಳಸಿ. ನಿಮ್ಮ ಫೋನಿನಲ್ಲಿರುವ ಮೂಲ ಫೋಟೊವನ್ನು ಅಲ್ಲಿ ಆಯ್ಕೆ ಮಾಡಿದಾಗ ಚಿತ್ರ ಹೊರಗೆ ಹೋಗುವುದಿಲ್ಲ. ಫೋನಿನಲ್ಲೇ ಅದರಿಂದ ಬೆರಳಚ್ಚಿನಂಥ ಒಂದು ಸಂಕೇತ ಹುಟ್ಟಿ ಅದು ಮಾತ್ರ ಹೋಗುತ್ತದೆ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ರೆಡಿಟ್ ಮುಂತಾದ ಸದಸ್ಯ ಕಂಪನಿಗಳು ಅದಕ್ಕೆ ಹೊಂದುವ ಚಿತ್ರವನ್ನು ಗುರುತಿಸಿ ತಡೆಯುತ್ತವೆ. ಚಿತ್ರವನ್ನು ಬಹಳ ಕತ್ತರಿಸಿ ಬದಲಿಸಿದರೆ ಹೊಂದಾಣಿಕೆ ತಪ್ಪಬಹುದು, ಸದಸ್ಯರಲ್ಲದ ತಾಣಗಳ ಮೇಲೆ ಇದಕ್ಕೆ ಹಿಡಿತವಿಲ್ಲ. ಚಿತ್ರದಲ್ಲಿ 18 ವರ್ಷದೊಳಗಿನವರಿದ್ದರೆ ದಾರಿಯೇ ಬೇರೆ. ಅಲ್ಲಿ ಪೋಕ್ಸೊ ಮತ್ತು 67ಬಿ ಅನ್ವಯವಾಗುತ್ತವೆ.

ಠಾಣೆಯ ವಿಷಯ. ಊರಿನ ಠಾಣೆಯಲ್ಲಿ ಪರಿಚಿತರಿದ್ದಾರೆ ಎಂಬ ಅಳುಕಿದ್ದರೆ ಅಲ್ಲಿಗೇ ಹೋಗಬೇಕೆಂದಿಲ್ಲ. ನೀವು ಇರುವುದು ಮಂಗಳೂರಿನಲ್ಲಿ, ಫೋಟೊ ನಿಮ್ಮ ಕಣ್ಣಿಗೆ ಬಿದ್ದದ್ದೂ ಇಲ್ಲಿಯೇ ಆದ್ದರಿಂದ ಮಂಗಳೂರು ನಗರದ ಸೆನ್ ಠಾಣೆಯಲ್ಲಿ, ಅಂದರೆ ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಠಾಣೆಯಲ್ಲಿ ದೂರು ಕೊಡಬಹುದು. ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ ಯಾವ ಠಾಣೆಯಾದರೂ ದೂರು ಸ್ವೀಕರಿಸಿ, ತನ್ನ ವ್ಯಾಪ್ತಿಯಲ್ಲದಿದ್ದರೆ ಝೀರೊ ಎಫ್‌ಐಆರ್ ಮಾಡಿ ಸಂಬಂಧಪಟ್ಟ ಠಾಣೆಗೆ ಕಳುಹಿಸಬೇಕು. 77ನೇ ಕಲಮಿನ ದೂರನ್ನು ಮಹಿಳಾ ಅಧಿಕಾರಿಯೇ ದಾಖಲಿಸಿಕೊಳ್ಳಬೇಕೆಂದು ಅದೇ ಕಲಮು ಹೇಳುತ್ತದೆ. ಅದನ್ನು ಕೇಳುವುದು ನಿಮ್ಮ ಹಕ್ಕು. ಮಾಹಿತಿ ತಂತ್ರಜ್ಞಾನ ಕಾಯ್ದೆಯ ಅಪರಾಧಗಳನ್ನು ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರು ತನಿಖೆ ಮಾಡುವಂತಿಲ್ಲ. ಸಣ್ಣ ಠಾಣೆಗಳು ಸೆನ್ ಠಾಣೆಗೆ ಹೋಗಿ ಎನ್ನುವುದಕ್ಕೆ ಇದೂ ಒಂದು ಕಾರಣ.

cybercrime.gov.in ನಲ್ಲಿ ಮಹಿಳೆಯರ ವಿರುದ್ಧದ ಅಪರಾಧಗಳಿಗೆ ಪ್ರತ್ಯೇಕ ವಿಭಾಗವಿದ್ದು, ಅಲ್ಲಿ ಹೆಸರು ಹೇಳದೆ ದೂರು ಕೊಡುವ ದಾರಿಯೂ ಇದೆ. ನಿಮ್ಮ ಸಂದರ್ಭಕ್ಕೆ ಅದು ಸಾಲದು, ಏಕೆಂದರೆ ಹೆಸರಿಲ್ಲದ ದೂರಿನ ಮುಂದುವರಿಕೆಯನ್ನು ನೀವು ಗಮನಿಸಲಾಗುವುದಿಲ್ಲ. ಹೆಸರು ಕೊಟ್ಟು ದೂರು ಸಲ್ಲಿಸಿ ಸಿಗುವ ಸ್ವೀಕೃತಿ ಸಂಖ್ಯೆಯೂ ಎಫ್‌ಐಆರ್ ಅಲ್ಲ ಎಂಬುದನ್ನು ದಯವಿಟ್ಟು ನೆನಪಿಡಿ. ಆ ಸಂಖ್ಯೆ ಹಿಡಿದು ಠಾಣೆಗೆ ಹೋಗಿ ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಪಡೆಯುವವರೆಗೂ ತನಿಖೆ ಶುರುವಾಗಿದೆ ಎಂದುಕೊಳ್ಳಬೇಡಿ. ಹೊಸ ಕಾನೂನಿನಲ್ಲಿ 3 ವರ್ಷದಿಂದ 7 ವರ್ಷದೊಳಗಿನ ಶಿಕ್ಷೆಯ ಅಪರಾಧಗಳಿಗೆ, ಡಿವೈಎಸ್‌ಪಿ ಅನುಮತಿ ಪಡೆದು 14 ದಿನಗಳ ಪ್ರಾಥಮಿಕ ವಿಚಾರಣೆ ನಡೆಸಲು ಅವಕಾಶವಿದೆ. "ವಿಚಾರಿಸಿ ನೋಡುತ್ತೇವೆ" ಎಂದರೆ ಅನುಮತಿಯಾಗಿದೆಯೇ, ಗಡುವು ಎಂದಿಗೆ ಮುಗಿಯುತ್ತದೆ ಎಂದು ಕೇಳಿ. ದಾಖಲಿಸಲು ನಿರಾಕರಿಸಿದರೆ ದೂರಿನ ಸಾರಾಂಶವನ್ನು ನೋಂದಾಯಿತ ಅಂಚೆಯಲ್ಲಿ ಮಂಗಳೂರಿನವರಾದರೆ ಪೊಲೀಸ್ ಆಯುಕ್ತರಿಗೆ, ಉಡುಪಿಯವರಾದರೆ ಎಸ್‌ಪಿಯವರಿಗೆ ಕಳುಹಿಸಿ. ಅಲ್ಲಿಯೂ ಆಗದಿದ್ದರೆ ಅಫಿಡವಿಟ್ ಸಹಿತ ಮ್ಯಾಜಿಸ್ಟ್ರೇಟರ ಮುಂದೆ, ತನಿಖೆಗೆ ಆದೇಶಿಸುವಂತೆ ಕೋರಿ ನಾಗರಿಕ ಸುರಕ್ಷಾ ಸಂಹಿತೆಯ 175(3)ರ ಅರ್ಜಿ ಹಾಕಬಹುದು. ಈ ಅರ್ಜಿಗೆ ವಕೀಲರ ಶುಲ್ಕದ ಚಿಂತೆ ಬೇಡ. ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ, ಸಹಾಯವಾಣಿ 15100.

ಮೂರು ಲಕ್ಷದ ಮೆಸೇಜ್ ನಿಮ್ಮ ಪ್ರಕರಣದ ಬಲವಾದ ತುಂಡು. ನಿಶ್ಚಿತಾರ್ಥದ ಖರ್ಚಿನ ಲೆಕ್ಕ ನಿಜವೇ ಇರಲಿ, ಅದನ್ನು ವಸೂಲು ಮಾಡಲು ಸಿವಿಲ್ ನ್ಯಾಯಾಲಯವಿದೆ. ಫೋಟೊ ಹಾಕುತ್ತೇನೆಂಬ ಭಯ ಹುಟ್ಟಿಸಿ ಹಣ ಕೇಳುವುದು ನ್ಯಾಯ ಸಂಹಿತೆಯ 308ನೇ ಕಲಮಿನ ಸುಲಿಗೆಗೆ ಸೇರುತ್ತದೆ. ಹಣ ಕೊಡದಿದ್ದರೂ ಭಯ ಹುಟ್ಟಿಸಿದ್ದಕ್ಕೇ ಪ್ರತ್ಯೇಕ ಶಿಕ್ಷೆಯಿದೆ. ಮಹಿಳೆಯ ಶೀಲಕ್ಕೆ ಕಳಂಕ ಹಚ್ಚುವ ಬೆದರಿಕೆಗೆ 351(3)ರಲ್ಲಿ 7 ವರ್ಷದವರೆಗೆ ಶಿಕ್ಷೆಯಿದ್ದು, ಈ ಉಪಕಲಮು ದೂರುಗಳಲ್ಲಿ ಬಿಟ್ಟುಹೋಗುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಹಿರಿಯರನ್ನು ಕೂರಿಸಿ ಹಣ ಕೊಟ್ಟು ಮುಗಿಸೋಣ ಎಂಬ ಸಲಹೆ ನಿಮಗೂ ಬರಬಹುದು. ದಯವಿಟ್ಟು ಒಪ್ಪಬೇಡಿ. ಕೊಟ್ಟ ಹಣಕ್ಕೆ ಪ್ರತಿಯಾಗಿ ಫೋಟೊದ ಎಲ್ಲ ಪ್ರತಿಗಳೂ ಅಳಿದವು ಎಂದು ಖಚಿತಪಡಿಸಿಕೊಳ್ಳುವ ದಾರಿ ಯಾರ ಬಳಿಯೂ ಇಲ್ಲ.

ಅವನು ದುಬೈಯಲ್ಲಿದ್ದಾನೆ ಎಂಬ ಕಾರಣಕ್ಕೆ ಎಫ್‌ಐಆರ್ ನಿಲ್ಲುವಂತಿಲ್ಲ. ಭಾರತದಲ್ಲಿರುವ ಕಂಪ್ಯೂಟರ್ ಅಥವಾ ಜಾಲ ಬಳಕೆಯಾದರೆ ಹೊರದೇಶದಿಂದ ಮಾಡಿದ ಅಪರಾಧಕ್ಕೂ ಮಾಹಿತಿ ತಂತ್ರಜ್ಞಾನ ಕಾಯ್ದೆ ಅನ್ವಯಿಸುತ್ತದೆ. ಭಾರತೀಯ ಪ್ರಜೆ ಹೊರದೇಶದಲ್ಲಿ ಮಾಡಿದ ಅಪರಾಧವನ್ನು ನ್ಯಾಯ ಸಂಹಿತೆಯೂ ಒಳಗೊಳ್ಳುತ್ತದೆ. ಪೂರ್ತಿ ಹೊರದೇಶದಲ್ಲೇ ನಡೆದ ಕೃತ್ಯವಾದರೆ ವಿಚಾರಣೆಗೆ ಕೇಂದ್ರ ಸರ್ಕಾರದ ಪೂರ್ವಾನುಮತಿ ಬೇಕಾಗಬಹುದು, ಆದರೆ ಎಫ್‌ಐಆರ್ ದಾಖಲಿಸಲು ಮತ್ತು ತನಿಖೆ ನಡೆಸಲು ಆ ಅನುಮತಿಗೆ ಕಾಯಬೇಕಿಲ್ಲ. ಅವನು ರಜೆಗೆ ಬಂದಾಗ ವಿಮಾನ ನಿಲ್ದಾಣದಲ್ಲಿ ಗೊತ್ತಾಗುವಂತೆ ಲುಕ್‌ಔಟ್ ಸುತ್ತೋಲೆ ಹೊರಡಿಸಲು ತನಿಖಾಧಿಕಾರಿಯನ್ನು ಕೋರಬಹುದು. ಅವನ ಪಾಸ್‌ಪೋರ್ಟಿನ ವಿವರ, ಉದ್ಯೋಗದ ವಿಳಾಸ, ಎರಡೂ ದೇಶಗಳ ಫೋನ್ ನಂಬರುಗಳು ನಿಮಗೆ ತಿಳಿದಿದ್ದರೆ ದೂರಿನಲ್ಲೇ ಸೇರಿಸಿ. ಕರಾವಳಿಯ ಇಂಥ ಪ್ರಕರಣಗಳು ಆರೋಪಿ ಸಿಗದೆ ವರ್ಷಗಟ್ಟಲೆ ಎಳೆಯುವುದೂ ಉಂಟು. ತೆಗೆಸುವ ಕೆಲಸವನ್ನು ಅವನ ಬಂಧನಕ್ಕೆ ಜೋಡಿಸದೆ ಪ್ರತ್ಯೇಕವಾಗಿ ನಡೆಸಬೇಕು ಎಂದು ನಾನು ಹೇಳುವುದು ಅದಕ್ಕೇ.

ಊರಿನ ಗ್ರೂಪಿನಲ್ಲಿ ಫಾರ್ವರ್ಡ್ ಮಾಡಿದ ಪ್ರತಿಯೊಬ್ಬರೂ ಸ್ವತಃ ರವಾನೆ ಮಾಡಿದವರೇ. "ನನಗೆ ಬಂದದ್ದನ್ನು ಕಳುಹಿಸಿದೆ" ಎಂಬುದು ಸಮರ್ಥನೆಯಾಗುವುದಿಲ್ಲ. ಗ್ರೂಪಿನ ಅಡ್ಮಿನ್ ಮಾತ್ರ, ತಾನು ಹಾಕದಿದ್ದರೆ ಇತರರ ಪೋಸ್ಟಿಗೆ ಹೊಣೆಯಲ್ಲ ಎಂದು ಬಾಂಬೆ ಮತ್ತು ಕೇರಳ ಹೈಕೋರ್ಟುಗಳು ಹೇಳಿವೆ. ಅವರನ್ನು ಆರೋಪಿಯಾಗಿಸುವ ಬದಲು ಸಾಕ್ಷಿಯಾಗಿ ಬಳಸಿಕೊಳ್ಳುವುದೇ ಜಾಣತನ. ವಾಟ್ಸ್‌ಆ್ಯಪಿನ ಸಂದೇಶಗಳನ್ನು ಕಂಪನಿಯೇ ಓದಲಾರದು, ಹಾಗಾಗಿ ಅಲ್ಲಿಂದ ಎಲ್ಲ ಪ್ರತಿಗಳನ್ನೂ ತೆಗೆಸಲು ಆಗುವುದಿಲ್ಲ. ಅಲ್ಲಿ ಫಲ ಕೊಡುವುದು ಅಡ್ಮಿನ್ ಆ ಪೋಸ್ಟನ್ನು ಎಲ್ಲರಿಗೂ ಅಳಿಸುವುದು ಮತ್ತು ಎಫ್‌ಐಆರ್ ಆಗಿದೆ ಎಂಬ ಒಂದು ಸಾಲನ್ನು ಗ್ರೂಪಿನಲ್ಲಿ ಹಾಕುವುದು. ಅಳಿಸುವ ಮೊದಲು ನಿಮ್ಮ ರೆಕಾರ್ಡಿಂಗ್ ಮುಗಿದಿರಲಿ.

ಫೋಟೊಗಳು ಹೊರದೇಶದ ಅಶ್ಲೀಲ ತಾಣಗಳಿಗೆ ಹೋಗಿದ್ದರೆ ಅಥವಾ ತೆಗೆದಷ್ಟೂ ಮತ್ತೆ ಬರುತ್ತಿದ್ದರೆ ಬೆಂಗಳೂರಿನಲ್ಲಿ ಹೈಕೋರ್ಟಿಗೆ ರಿಟ್ ಅರ್ಜಿ ಹಾಕಿ, ತಾಣಗಳಿಗೂ ಹುಡುಕಾಟದ ಕಂಪನಿಗಳಿಗೂ ನಿರ್ದೇಶನ ಕೋರಬಹುದು. ಸಂತ್ರಸ್ತೆ ಪ್ರತಿ ಬಾರಿಯೂ ಹೊಸ ಲಿಂಕು ಹಿಡಿದು ಅಲೆಯುವಂತಾಗಬಾರದು ಎಂಬ ನಿಲುವನ್ನು ದೆಹಲಿ ಹೈಕೋರ್ಟ್ 2023ರಲ್ಲಿ ಇಂಥದೇ ಪ್ರಕರಣದಲ್ಲಿ ತಳೆದಿದೆ. ಸಿವಿಲ್ ನ್ಯಾಯಾಲಯದಲ್ಲಿ ತಡೆಯಾಜ್ಞೆ ಮತ್ತು ಪರಿಹಾರವನ್ನೂ ಕೇಳಬಹುದು, ಅದು ಸಮಯ ಹಿಡಿಯುವ ದಾರಿ.

ಮನೆಯವರಿಗೆ ತಿಳಿಯದಂತೆ ದೂರು ಕೊಡಲು ಕಾನೂನಿನಲ್ಲಿ ಅಡ್ಡಿಯಿಲ್ಲ. ನೀವು ವಯಸ್ಕರು, ತಂದೆ ಅಥವಾ ಅಣ್ಣನ ಸಹಿ ಬೇಕೆಂದು ಯಾರೂ ಕೇಳುವಂತಿಲ್ಲ. ದೂರಿನಲ್ಲಿ ಪಿ.ಜಿ. ಅಥವಾ ಕಚೇರಿಯ ವಿಳಾಸ ಮತ್ತು ನಿಮ್ಮದೇ ಫೋನ್ ನಂಬರು ಕೊಟ್ಟು, ನೋಟಿಸುಗಳು ಅಲ್ಲಿಗೇ ಬರಲಿ ಎಂದು ಬರೆಯಿರಿ. ಲೈಂಗಿಕ ಸ್ವರೂಪದ ಸೂಕ್ಷ್ಮ ಪ್ರಕರಣಗಳ ಎಫ್‌ಐಆರನ್ನು ಜಾಲತಾಣದಲ್ಲಿ ಹಾಕಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿದೆ. ನಿಮ್ಮದನ್ನೂ ಹಾಗೆಯೇ ಪರಿಗಣಿಸುವಂತೆ ದೂರಿನ ಕೊನೆಯಲ್ಲಿ ಕೋರಿ. ಅತ್ಯಾಚಾರದ ಪ್ರಕರಣಗಳಲ್ಲಿ ಸಂತ್ರಸ್ತೆಯ ಹೆಸರು ಪ್ರಕಟಿಸುವುದನ್ನು ಅಪರಾಧವಾಗಿಸಿದ 72ನೇ ಕಲಮಿನಲ್ಲಿ 77 ಸೇರಿಲ್ಲ. ಆದ್ದರಿಂದ ಹೆಸರು ಮರೆಮಾಡಲು ಮತ್ತು ಮುಚ್ಚಿದ ಕೋಣೆಯಲ್ಲಿ ಸಾಕ್ಷ್ಯ ನುಡಿಯಲು ನ್ಯಾಯಾಲಯಕ್ಕೆ ಅರ್ಜಿ ಹಾಕಿಯೇ ಕೇಳಬೇಕು. ಮಹಜರು ಮತ್ತು ಸಾಕ್ಷಿ ಹೇಳಿಕೆಯ ಹಂತದಲ್ಲಿ ಊರಿನ ಗ್ರೂಪಿನವರನ್ನು ಪೊಲೀಸರು ವಿಚಾರಿಸಲೇಬೇಕಾಗುತ್ತದೆ, ಆಗ ಸುದ್ದಿ ಮನೆಗೆ ಮುಟ್ಟುವ ಸಾಧ್ಯತೆ ಹೆಚ್ಚು. ಆ ಹಂತಕ್ಕೆ ಮುಂಚೆ ಅಮ್ಮನಿಗೋ, ನಿಮ್ಮ ಮಾತು ನಂಬುವ ಇನ್ನೊಬ್ಬ ಹಿರಿಯರಿಗೋ ನೀವೇ ತಿಳಿಸುವುದು ಮೇಲು, ಮತ್ತು ಹಾಗೆ ತಿಳಿಸುವಾಗ ಎಫ್‌ಐಆರ್ ಪ್ರತಿ ನಿಮ್ಮ ಕೈಯಲ್ಲಿರಲಿ.